ಶಾಲೆಗೆ ಮರಳುವ ದಿನದ ಗಣನೆ

ಆಳಂದ ತಾಲ್ಲೂಕಿನ ಜಿಡಗಾದಂತಹ ಗ್ರಾಮಗಳಲ್ಲಿ ಮಗುವಿನ ಮೈಮೇಲೆ ಬೊಕ್ಕೆಗಳೆದ್ದರೆ, ‘ತಾಯಿ ಬಂದಿದ್ದಾಳೆ’ ಎಂದು ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿ, ಹಕ್ಕಳೆಗಳೆಲ್ಲ ಉದುರುವ ತನಕ ಮಗುವನ್ನು ಹೊರಗೆ ಬಿಡದಿರುವುದು ಹಿರಿಯರ ರೂಢಿ. ಸಿಡುಬಿದ್ದ ಕಾಲಕ್ಕೆ ಅದು ಯುಕ್ತವೇ ಆಗಿತ್ತು. ಆ ರೋಗದ ವಿಷವು ಹಕ್ಕಳೆಯಲ್ಲಿಯೂ ಇರುತ್ತಿತ್ತು. 1975ರಲ್ಲಿ ಸಿಡುಬು ಭಾರತವನ್ನು ಬಿಟ್ಟಿತು. 1980ರಲ್ಲಿ ಅದು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ರೂಢಿ ಮಾತ್ರ ಉಳಿದು, ಬೇರೆ ರೋಗಗಳಿಗೂ ಅದೇ ಅಳತೆಗೋಲಾಗಿದೆ.

ದಡಾರ, ಮಂಗನಬಾವು, ಸೀತಾಳೆಸಿಡುಬು ಈ ಮೂರಕ್ಕೂ ಗಣನೆ ಬೇರೆ ಬೇರೆ. ಜ್ವರ ಇಳಿದ ದಿನವಾಗಲಿ, ನೀರು ಹಾಕಿದ ದಿನವಾಗಲಿ ಇದಕ್ಕೆ ಪ್ರಮಾಣವಲ್ಲ. ಮೈಮೇಲೆ ಕಾಣುವ ಗುರುತೇ ಪ್ರಮಾಣ.

ಒಬ್ಬ ಬಾಲಕನಿಗೆ ಸೋಮವಾರ ಬೆಳಿಗ್ಗೆ ಕಿವಿಯ ಹಿಂದೆ, ಮುಖದ ಮೇಲೆ ದಡಾರದ ಕೆಂಪು ಗುಳ್ಳೆಗಳು ಕಂಡವೆನ್ನೋಣ. ಆ ದಿನವನ್ನು ಸೊನ್ನೆಯೆಂದು ಹಿಡಿಯಬೇಕು. ಮಂಗಳವಾರ ಒಂದು, ಶುಕ್ರವಾರ ನಾಲ್ಕು. ಆ ನಾಲ್ಕು ದಿನಗಳು ಪೂರ್ಣವಾಗಿ ಕಳೆದ ಮೇಲೆ, ಶನಿವಾರ ಅವನು ಬರಬಹುದು. ನಿಶ್ಶಕ್ತಿಯಿದ್ದರೆ ಇನ್ನೂ ವಿಶ್ರಮಿಸಬೇಕು. ಅದೇ ಸೋಮವಾರ ಮಂಗನಬಾವಿನಿಂದ ಕೆನ್ನೆ ಊದಿದ್ದರೆ ಐದು ದಿನ ಕಳೆಯಬೇಕು. ಐದನೆಯ ದಿನ ಶನಿವಾರ; ಭಾನುವಾರ ರಜೆಯಾದ್ದರಿಂದ ಮುಂದಿನ ಸೋಮವಾರ ತರಗತಿ. ಬಾವು ಪೂರ್ತಿ ಇಳಿಯಲೆಂದು ಕಾಯಬೇಕಾಗಿಲ್ಲ.

ಸೀತಾಳೆಗೆ ಮಾತ್ರ ದಿನದ ಲೆಕ್ಕವಲ್ಲ, ಬೊಕ್ಕೆಯ ಲೆಕ್ಕ. ಅದರ ಬೊಕ್ಕೆಗಳು ಒಮ್ಮೆಗೇ ಏಳುವುದಿಲ್ಲ. ಹಳೆಯವು ಒಣಗುತ್ತಿರುವಾಗಲೇ ಹೊಸವು ಮೂಡುತ್ತವೆ. ಆದ್ದರಿಂದ ಕಟ್ಟಕಡೆಯ ಬೊಕ್ಕೆಯೂ ಒಣಗಿ ಹಕ್ಕಳೆಗಟ್ಟಬೇಕು. ಸಾಮಾನ್ಯವಾಗಿ ಇದಕ್ಕೆ ಐದಾರು ದಿನ ಹಿಡಿಯುತ್ತದೆ, ಕೆಲವರಿಗೆ ಹೆಚ್ಚು. ತಲೆಗೂದಲ ನಡುವೆ, ಬೆನ್ನಿನ ಮೇಲೆ ನೀರು ತುಂಬಿದ ಒಂದು ಬೊಕ್ಕೆ ಉಳಿದಿದ್ದರೂ ಮನೆಯಲ್ಲಿಯೇ ಇರಬೇಕು. ಎಲ್ಲವೂ ಒಣಗಿದ ಮೇಲೆ ಹಕ್ಕಳೆ ಉದುರಲೆಂದು ಮತ್ತೊಂದು ವಾರ ತಡೆಯುವುದು ವ್ಯರ್ಥ. ಪರೀಕ್ಷೆಯ ಕಾಲದಲ್ಲಿ ಅದೇ ದೊಡ್ಡ ನಷ್ಟ. ಶಿಕ್ಷಕರಿಗೆ, ಕೆಲಸಕ್ಕೆ ಹೋಗುವ ಹಿರಿಯರಿಗೆ ಕೂಡ ಇವೇ ನಿಯಮಗಳು.

ಈ ಗಣನೆಗೊಂದು ಮಿತಿಯುಂಟು. ದಡಾರವು ಗುಳ್ಳೆ ಕಾಣುವ ನಾಲ್ಕು ದಿನ ಮೊದಲಿನಿಂದಲೇ ಹರಡುತ್ತದೆ. ಉಳಿದೆರಡೂ ಗುರುತು ಕಾಣುವ ಮುನ್ನವೇ ಅಂಟಬಲ್ಲವು. ಆದಕಾರಣ ಒಬ್ಬನಿಗೆ ರೋಗ ಕಂಡಾಗ ಅವನ ಸಹಪಾಠಿಗಳನ್ನು ಮುಂದಿನ ಮೂರು ವಾರ ಗಮನಿಸುತ್ತಿರಬೇಕು. ಗರ್ಭಿಣಿಯಾದ ಶಿಕ್ಷಕಿಯಿದ್ದರೆ ಆಕೆಗೆ ಅಂದೇ ತಿಳಿಸಿ, ವೈದ್ಯರನ್ನು ಕಾಣುವಂತೆ ಹೇಳಬೇಕು. ವಿದ್ಯಾರ್ಥಿನಿಲಯದ ಬಾಲಕನನ್ನು ತುಂಬಿದ ಬಸ್ಸಿನಲ್ಲಿ ಊರಿಗೆ ಕಳುಹಿಸಿದರೆ ರೋಗವನ್ನೂ ಜೊತೆಗೆ ಕಳುಹಿಸಿದಂತೆ. ಪ್ರತ್ಯೇಕ ಕೋಣೆಯಲ್ಲಿರಿಸಿ, ಗುರುತು ಕಂಡ ದಿನವನ್ನು ಹಾಜರಿ ಪುಸ್ತಕದಲ್ಲಿ ಬರೆದಿಟ್ಟರೆ, ಅವನು ಮರಳುವ ದಿನದ ಬಗ್ಗೆ ವಾದಕ್ಕೆ ಎಡೆಯಿರದು.