ಕಛೇರಿಯ ವರದಿಯಿಂದ ವಿಮರ್ಶೆಗೆ: ಒಂಬತ್ತನೆಯ ತರಗತಿಯಲ್ಲಿ ಒಂದು ನೆರವಲ್ ಆಧರಿಸಿದ ಮೂರು ಅವಧಿಗಳು

ಬೋಧನಾಭ್ಯಾಸದ ಶಾಲೆಯಲ್ಲಿ ಗೋಡೆ ಪತ್ರಿಕೆಯ ಜವಾಬ್ದಾರಿ ನನ್ನ ಪಾಲಿಗೆ ಬಂದಿತ್ತು. ನನ್ನ ಬೋಧನಾ ವಿಷಯ ವಿಜ್ಞಾನ. ಸಂಗೀತದಲ್ಲಿ ಜೂನಿಯರ್ ಪರೀಕ್ಷೆಯವರೆಗೆ ಕಲಿತಿದ್ದೇನೆ. ಊರಿನಲ್ಲಿ ನಡೆದ ಕರ್ನಾಟಕ ಸಂಗೀತ ಕಛೇರಿಯೊಂದಕ್ಕೆ ಒಂಬತ್ತನೆಯ ತರಗತಿಯ ಮಕ್ಕಳು ಹೋಗಿದ್ದರು. ಅದರ ವಿಮರ್ಶೆ ಬರೆಯಿರಿ ಎಂದಾಗ ಹೆಚ್ಚಿನವರು ಬರೆದದ್ದು ಈ ಮಾದರಿಯಲ್ಲಿತ್ತು:

"ಸಂಜೆ ಆರು ಗಂಟೆಗೆ ಕಛೇರಿ ಆರಂಭವಾಯಿತು. ಗಾಯಕಿ ಮೊದಲು ವರ್ಣ ಹಾಡಿದರು. ನಂತರ ಗಣಪತಿಯ ಮೇಲಿನ ಕೃತಿ ಹಾಡಿದರು. ಆಮೇಲೆ ಕಲ್ಯಾಣಿ ರಾಗವನ್ನು ವಿಸ್ತಾರವಾಗಿ ಹಾಡಿದರು. ಮೃದಂಗದ ತನಿ ಆವರ್ತನ ಎಲ್ಲರ ಮನಸೂರೆಗೊಂಡಿತು. ಕೊನೆಗೆ ದೇವರನಾಮ ಹಾಡಿ ಮಂಗಳ ಮಾಡಿದರು."

ಇದರಲ್ಲಿ ತಪ್ಪು ಮಾಹಿತಿಯಿಲ್ಲ. ಆದರೆ ಇದನ್ನು ಕಛೇರಿಗೆ ಹೋಗದೆಯೂ ಬರೆಯಬಹುದು, ಏಕೆಂದರೆ ವರ್ಣದಿಂದ ಮಂಗಳದವರೆಗಿನ ಈ ಕ್ರಮ ಬಹುಪಾಲು ಕಛೇರಿಗಳಲ್ಲಿ ಹೀಗೆಯೇ ಇರುತ್ತದೆ. "ಮನಸೂರೆಗೊಂಡಿತು" ಎಂಬ ಒಂದೇ ಮಾತು ತೀರ್ಪಿನಂತೆ ಕಾಣುತ್ತದೆ. ಅದೂ ಸಭಿಕರ ಬಗ್ಗೆ ಹೇಳುತ್ತದೆಯೇ ಹೊರತು ಮೃದಂಗದ ಬಗ್ಗೆ ಏನನ್ನೂ ಹೇಳುವುದಿಲ್ಲ.

ರಾಗ ತಿಳಿಯದ ಮಕ್ಕಳು ತೀರ್ಪು ಕೊಡುವುದಾದರೂ ಹೇಗೆ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕಲ್ಯಾಣಿಯ ಆಲಾಪನೆ ಸರಿಯಿತ್ತೇ ಎಂದು ಹೇಳಲು ಪ್ರತಿಮಧ್ಯಮವನ್ನು ಗುರುತಿಸುವ ಕಿವಿ ಬೇಕು. ಶುದ್ಧಮಧ್ಯಮ ಬಂದರೆ ಅದು ಶಂಕರಾಭರಣವಾಗುತ್ತದೆ. ಈ ಸೂಕ್ಷ್ಮ ಮೂರು ಅವಧಿಗಳಲ್ಲಿ ಬರುವಂಥದ್ದಲ್ಲ. ಹಾಗಾಗಿ ಇಡೀ ಕಛೇರಿಯನ್ನು ಬಿಟ್ಟು ನೆರವಲ್ ಒಂದನ್ನೇ ಆರಿಸಿಕೊಂಡೆ. ನೆರವಲಿನಲ್ಲಿ ಗಾಯಕರು ಕೃತಿಯ ಒಂದು ಸಾಲನ್ನು ಹಿಡಿದು, ಅದರ ಪದಗಳನ್ನು ತಾಳದಲ್ಲಿ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಉಳಿಸಿಕೊಂಡು, ರಾಗವನ್ನು ಮಾತ್ರ ಸುತ್ತು ಸುತ್ತಿಗೂ ಹೊಸದಾಗಿ ಬೆಳೆಸುತ್ತಾರೆ. ಮಾತು ಉಳಿಯಬೇಕು, ರಾಗ ಬೆಳೆಯಬೇಕು: ನೆರವಲ್ ತಾನೇ ಒಪ್ಪಿಕೊಂಡ ಕೆಲಸ ಇದು. ಆ ಕೆಲಸ ನಡೆಯಿತೇ ಎಂದು ಕೇಳುವುದು ಹೊರಗಿನಿಂದ ತಂದ ಅಳತೆಗೋಲಲ್ಲ. ಜೊತೆಗೆ, ಮಾತು ಉಳಿಯಿತೇ ಎಂಬುದನ್ನು ಕನ್ನಡ ಬಲ್ಲ ಕಿವಿ ಮತ್ತು ತಾಳ ಹಾಕುವ ಕೈ ಎರಡೇ ಪರೀಕ್ಷಿಸಬಲ್ಲವು.

ಮೊದಲ ಅವಧಿಯಲ್ಲಿ ಆದಿತಾಳ ಹಾಕುವುದನ್ನು ಕಲಿಸಿದೆ. ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು-ಹುಸಿ, ಪೆಟ್ಟು-ಹುಸಿ. ಒಟ್ಟು 8 ಅಕ್ಷರ. ಅಭ್ಯಾಸಕ್ಕೆ "ಮಳೆ ಬಂದು ಕೆರೆ ತುಂಬಿತು" ಎಂಬ ಸಾಲನ್ನು ನಾವೇ ಕಟ್ಟಿಕೊಂಡೆವು. ನಾಲ್ಕು ಪದ, ಪದಕ್ಕೆ ಎರಡು ಅಕ್ಷರ. ಪದಗಳ ಜಾಗ ಕದಲಿಸದೆ ಅದನ್ನೇ ಬೇರೆ ಬೇರೆ ಧಾಟಿಯಲ್ಲಿ ಹಾಡಿ ತೋರಿಸಿದೆ. ಬಳಿಕ ಬೇಕೆಂದೇ ಕೆಡಿಸಿ "ಮಳೆಬಂ, ದುಕೆರೆ" ಎಂದು ಒಡೆದು ಹಾಡಿದೆ. ತರಗತಿ ನಕ್ಕಿತು. "ದುಕೆರೆ ಅಂದ್ರೆ ಯಾವ ಕೆರೆ ಮಿಸ್?" ಎಂದು ಹಿಂದಿನ ಬೆಂಚಿನಿಂದ ಕೇಳಿದ ಹುಡುಗನಿಗೆ ಪದಚ್ಛೇದದ ದೋಷ ಎಂದರೇನೆಂದು ನಾನು ಬೇರೆ ವಿವರಿಸಬೇಕಾಗಲಿಲ್ಲ.

ಎರಡನೆಯ ಅವಧಿಯಲ್ಲಿ, ಗಾಯಕಿಯ ಅನುಮತಿ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದ ನೆರವಲಿನ ಭಾಗವನ್ನು ಮೂರು ಬಾರಿ ಕೇಳಿಸಿದೆ. ಮೊದಲ ಸಲ ಸುಮ್ಮನೆ ಕೇಳುವುದು. ಎರಡನೆಯ ಸಲ ತಾಳ ಹಾಕುತ್ತ, ನಾಲ್ಕು ಪದಗಳಲ್ಲಿ ಯಾವುದು ಕೇಳಿಸಿತು ಎಂದು ಪ್ರತಿ ಸುತ್ತಿಗೂ ಗುರುತು ಹಾಕುವುದು. ಮೂರನೆಯ ಸಲ ಪಿಟೀಲಿನ ಕಡೆಗೆ ಮಾತ್ರ ಗಮನ. ವಿಜ್ಞಾನದ ಪ್ರಯೋಗ ಪುಸ್ತಕದಲ್ಲಿ ವೀಕ್ಷಣೆಯನ್ನೂ ತೀರ್ಮಾನವನ್ನೂ ಬೇರೆ ಬೇರೆ ಕಂಬಸಾಲಿನಲ್ಲಿ ಬರೆಸುವ ಹಾಗೆ ಇಲ್ಲಿಯೂ ಬರೆಸಿದೆ. ನಿಧಾನದ ಸುತ್ತುಗಳಲ್ಲಿ ನಾಲ್ಕೂ ಪದಗಳಿಗೆ ಗುರುತು ಬಿದ್ದಿತ್ತು. ವೇಗ ಇಮ್ಮಡಿಯಾದ ಮೇಲೆ ಬಹುತೇಕ ಎಲ್ಲರ ಹಾಳೆಯಲ್ಲಿ ಮೂರನೆಯ ಪದದ ಮನೆ ಖಾಲಿ ಉಳಿದಿತ್ತು.

ತೀರ್ಪು ಹುಟ್ಟಿದ್ದು ಈ ಖಾಲಿ ಮನೆಗಳಿಂದ. ಆದರೆ ಸಲೀಸಾಗಿ ಅಲ್ಲ. "ವೇಗ ಬಂದಾಗಲೇ ಚಪ್ಪಾಳೆ ಜಾಸ್ತಿ ಬಿತ್ತು, ಅಂದಮೇಲೆ ಅದೇ ಚೆನ್ನಾಗಿತ್ತು" ಎಂದು ಕೆಲವರು ವಾದಿಸಿದರು. ಚಪ್ಪಾಳೆಯನ್ನು ವೀಕ್ಷಣೆಯ ಸಾಲಿನಲ್ಲಿ ಬರೆಯಿರಿ, ಅದಕ್ಕೆ ಕಾರಣ ಹುಡುಕಿ ಎಂದೆ. ಮೃದಂಗದ ನಡೆ ಬಿಗಿಯಾದದ್ದೂ ಕಾರಣವಿರಬಹುದು ಎಂದು ಒಬ್ಬಳು ಹೇಳಿದಳು. ಹಾಗಾದರೆ ಮೆಚ್ಚುಗೆ ಸಲ್ಲಬೇಕಾದದ್ದು ಯಾರಿಗೆ ಎಂಬ ಚರ್ಚೆ ಅವಧಿಯ ಗಂಟೆ ಹೊಡೆದರೂ ಮುಗಿಯಲಿಲ್ಲ.

ಇನ್ನೊಂದು ತೊಡಕು ನಾನು ಪಾಠಯೋಜನೆಯಲ್ಲಿ ಬರೆದಿರದಂಥದ್ದು. ಗಾಯಕಿ ಅದೇ ಊರಿನವರು. ತರಗತಿಯ ಇಬ್ಬರು ಹುಡುಗಿಯರಿಗೆ ಅವರೇ ಸಂಗೀತದ ಗುರುಗಳು. "ಮಿಸ್, ಗೋಡೆ ಪತ್ರಿಕೆ ಅವರೂ ಓದ್ತಾರೆ. ನಾನು ಹೇಗೆ ಬರೀಲಿ?" ಎಂದು ಅವರಲ್ಲೊಬ್ಬಳು ಕೇಳಿದಳು. ಬರೆಯದೆ ಬಿಡಬಹುದು ಎಂದೆ. ಬರೆಯುವುದಾದರೆ ಯಾವ ಸುತ್ತು, ಯಾವ ಪದ ಎಂದು ಅವರೇ ಮುದ್ರಣ ಹಾಕಿ ನೋಡಿಕೊಳ್ಳುವಷ್ಟು ಖಚಿತವಾಗಿ ಬರೆ ಎಂದೆ. "ಎರಡನೇ ಭಾಗ ಸಪ್ಪೆಯಾಗಿತ್ತು" ಎಂಬ ಮಾತು ನೋಯಿಸುತ್ತದೆ, ಅದಕ್ಕೆ ಉತ್ತರ ಕೊಡಲೂ ಆಗುವುದಿಲ್ಲ. ಖಚಿತವಾದ ಮಾತನ್ನು ಒಪ್ಪಬಹುದು, ಅಲ್ಲಗಳೆಯಲೂಬಹುದು. ಅವಳು ಬರೆದದ್ದು ಇದು:

"ನೆರವಲಿನ ಮೊದಲ ಭಾಗವೇ ಈ ಕಛೇರಿಯಲ್ಲಿ ಅತ್ಯುತ್ತಮವಾದದ್ದು. ಪ್ರತಿ ಸುತ್ತಿನಲ್ಲೂ ನಾಲ್ಕು ಪದಗಳು ತಮ್ಮ ಜಾಗದಲ್ಲೇ ಇದ್ದವು, ರಾಗ ಮಾತ್ರ ಮೇಲಕ್ಕೆ ಹೋಗುತ್ತಿತ್ತು. ಅದಕ್ಕೇ ಸಾಲಿನ ಅರ್ಥ ಪ್ರತಿ ಸಲವೂ ಇನ್ನಷ್ಟು ತಟ್ಟಿತು. ವೇಗ ಇಮ್ಮಡಿಯಾದ ಮೇಲೆ ಮೂರನೆಯ ಪದ ಕೇಳಿಸದೆ ಬರೀ ಆ ಎಂಬ ಎಳೆತ ಉಳಿಯಿತು. ಪಿಟೀಲಿಗೆ ಮಾತಿಲ್ಲ, ಆದರೂ ಅದು ಪದದ ಜಾಗದಲ್ಲಿ ಬಿಲ್ಲನ್ನು ಬಿಡಿಸಿ ಹಾಕಿದ್ದರಿಂದ ಮಾತು ಎಲ್ಲಿರಬೇಕಿತ್ತೆಂದು ಗೊತ್ತಾಯಿತು. ನಿಧಾನದಲ್ಲಿ ಸಿಕ್ಕಿದ್ದು ವೇಗದಲ್ಲಿ ಅರ್ಧ ಕಳೆಯಿತು."

ಇಲ್ಲಿ ತೀರ್ಪು ಮೊದಲ ವಾಕ್ಯದಲ್ಲೇ ಇದೆ. ಆಧಾರ ಅದರ ಹಿಂದೆಯೇ ಬರುತ್ತದೆ. "ಅದಕ್ಕೇ" ಎಂದು ಆರಂಭವಾಗುವ ವಾಕ್ಯ, ಹಾಗೆ ಹಾಡಿದ್ದರಿಂದ ಕೇಳುಗರಿಗೆ ಏನಾಯಿತು ಎಂದು ಹೇಳುತ್ತದೆ. ಹೆಚ್ಚಿನ ಬರಹಗಳಲ್ಲಿ ಇರದಿದ್ದದ್ದು ಈ ವಾಕ್ಯವೇ. ದೋಷ ತೋರಿಸಿದ ಕೂಡಲೇ ವಿಮರ್ಶೆ ಮುಗಿಯಿತೆಂದು ಕೆಲವರು ತಿಳಿದಿದ್ದರು. ಅವರಿಗೆ "ಅದರಿಂದೇನಾಯಿತು?" ಎಂಬ ಒಂದೇ ಪ್ರಶ್ನೆಯನ್ನು ಅಂಚಿನಲ್ಲಿ ಬರೆದು ಹಿಂದಿರುಗಿಸಿದೆ.

ಮೂರನೆಯ ಅವಧಿ ತಿದ್ದುಪಡಿಗೆ ಹೋಯಿತು. ವೇಗದ ಭಾಗದಲ್ಲಿ ರಾಗಕ್ಕೇ ಪ್ರಾಧಾನ್ಯ, ಮಾತು ಸ್ವಲ್ಪ ಮಸುಕಾದರೆ ನಷ್ಟವಿಲ್ಲ ಎಂದು ಒಬ್ಬ ಹುಡುಗ ಅದೇ ಹಾಳೆಯ ಗುರುತುಗಳನ್ನಿಟ್ಟುಕೊಂಡು ಬರೆದಿದ್ದ. ಇಬ್ಬರಿಗೂ ಪೂರ್ಣ ಅಂಕ ಕೊಟ್ಟೆ. ಅಂಕ ಇದ್ದದ್ದು ಆಧಾರಕ್ಕೆ ಮತ್ತು ಅದರಿಂದ ತೀರ್ಪಿನವರೆಗಿನ ದಾರಿಗೆ. ಗಾಯನ ಮತ್ತು ಪಿಟೀಲಿನ ಧ್ವನಿಗಳ ಸಮತೋಲದ ಬಗ್ಗೆ ಬರೆದವರಿಗೆ ಮಾತ್ರ ಆ ವಾಕ್ಯ ತೆಗೆಯಲು ಹೇಳಿದೆ. ಮೊಬೈಲ್ ಇದ್ದದ್ದು ಒಂದು ಧ್ವನಿವರ್ಧಕದ ಹತ್ತಿರ. ಆ ಮುದ್ರಣ ಸಭಾಂಗಣದ ಸಮತೋಲಕ್ಕೆ ಸಾಕ್ಷಿಯಾಗದು. ಮೈಕಿನ ತೊಂದರೆಯನ್ನು ಕಲಾವಿದರ ತಲೆಗೆ ಕಟ್ಟಿದ್ದ ವಾಕ್ಯಗಳೂ ಹೀಗೆಯೇ ಹೋದವು.

ಧಾರವಾಡ, ಹುಬ್ಬಳ್ಳಿ ಕಡೆಯ ಶಾಲೆಗಳಲ್ಲಿ ಈ ಪಾಠ ಮಾಡುವ ಸಹಪಾಠಿಗಳಿಗೆ ಒಂದು ಮಾತು. ಅಲ್ಲಿ ಮಕ್ಕಳು ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಖಯಾಲ್. ಖಯಾಲ್‌ನಲ್ಲಿ ಬಂದಿಶಿನ ಮಾತನ್ನು ಎಳೆಯುವುದಕ್ಕೂ ಮುರಿಯುವುದಕ್ಕೂ ಗಾಯಕರಿಗೆ ಸ್ವಾತಂತ್ರ್ಯವಿದೆ, ಆದ್ದರಿಂದ ಪದಗಳ ಜಾಗದ ಈ ಹಾಳೆ ಅಲ್ಲಿ ಅನ್ಯಾಯ ಮಾಡುತ್ತದೆ. ಅದರ ಬದಲು 16 ಮಾತ್ರೆಯ ತೀನ್‌ತಾಲವನ್ನು ಕೈಯಲ್ಲಿ ಹಾಕಿಸಿ, ಪ್ರತಿ ಬಢತ್ ಮುಗಿದಾಗ ಮುಖಡಾ ಹಿಡಿದು ಗಾಯಕರು ಸಮ್‌ಗೆ ಹೇಗೆ ಬಂದರು, ಸಹಜವಾಗಿ ಇಳಿದರೋ ಅವಸರದಲ್ಲಿ ಸೇರಿಸಿದರೋ ಎಂದು ಗುರುತು ಹಾಕಿಸಬಹುದು.