ಜಾಮೀನಿನ ಸಹಿಯೂ ಸಾಲದ ಸಹಿಯೇ

ಬ್ಯಾಂಕಿನ ಸಾಲಪತ್ರಕ್ಕೆ ಸಹ ಅರ್ಜಿದಾರರಾಗಿ ಸಹಿ ಹಾಕಿದರೆ ನೀವೂ ಸಾಲಗಾರರೇ. ನಿಮ್ಮ ಆದಾಯವನ್ನೂ ಲೆಕ್ಕಕ್ಕೆ ಹಿಡಿದು ಸಾಲ ಕೊಟ್ಟಿರುತ್ತಾರೆ, ಮೊದಲ ಕಂತಿನಿಂದಲೇ ಹೊಣೆ ಇಬ್ಬರದೂ ಆಗಿರುತ್ತದೆ. ಸಿಬಿಲ್ ವರದಿಯಲ್ಲಿ ಅದು ಜಂಟಿ ಖಾತೆಯಾಗಿ ಕಾಣುತ್ತದೆ. ಕಂತು ಸರಿಯಾಗಿ ಕಟ್ಟಿದರೆ ಇಬ್ಬರ ದಾಖಲೆಗೂ ಒಳ್ಳೆಯದು, ತಪ್ಪಿದರೆ ಇಬ್ಬರಿಗೂ ಪೆಟ್ಟು. ಇದು ಬಹುಮಂದಿಗೆ ಗೊತ್ತು. ಎಡವುವುದು ಜಾಮೀನಿನಲ್ಲಿ.

‘ನಾನು ಬರೀ ಸಾಕ್ಷಿಯಂತೆ ಸಹಿ ಹಾಕಿದ್ದು, ಬ್ಯಾಂಕಿನವರು ಮೊದಲು ಸಾಲಗಾರನನ್ನು ಹಿಡಿಯಲಿ’ ಎಂಬ ವಾದ ಸಹಜವೆನಿಸಿದರೂ ಕಾನೂನಿನ ಮುಂದೆ ನಿಲ್ಲದು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಗೆಳೆಯನ 5 ಲಕ್ಷದ ಸಾಲಕ್ಕೆ ನೀವು ಜಾಮೀನು ನಿಂತಿದ್ದೀರಿ ಎನ್ನೋಣ. ಅವನು ಕಂತು ನಿಲ್ಲಿಸಿ 90 ದಿನ ದಾಟಿದರೆ ಆ ಖಾತೆ ಅನುತ್ಪಾದಕ ಸಾಲವಾಗುತ್ತದೆ. ಸಾಲದಲ್ಲಿ ಒಂದು ರೂಪಾಯಿಯನ್ನೂ ನೀವು ಬಳಸಿಲ್ಲ, ಆದರೂ ಆ ಖಾತೆ ಜಾಮೀನುದಾರ ಎಂಬ ಹೆಸರಿನಡಿ ನಿಮ್ಮ ವರದಿಯಲ್ಲೂ ಇರುತ್ತದೆ. ನಾಳೆ ನೀವು ಮನೆಸಾಲ ಕೇಳಿದಾಗ ಬ್ಯಾಂಕು ಆ ಸುಸ್ತಿಯನ್ನು ನೋಡುತ್ತದೆ.

ಹಾಗೆಂದು ಜಾಮೀನು ನಿಲ್ಲಲೇಬಾರದೇ? ಹಾಗಲ್ಲ, ಗೆಳೆಯ ಕೈಬಿಟ್ಟರೆ ಆ ಕಂತನ್ನು ನೀವೇ ಕಟ್ಟಬಲ್ಲಿರಾದರೆ ನಿಲ್ಲಿ. ಹಣ ಬಿಡುಗಡೆಯಾದ ಮೇಲೆ ಮನಸ್ಸು ಬದಲಾಯಿತೆಂದು ಹಿಂದೆ ಸರಿಯಲಾಗದು. ಬ್ಯಾಂಕು ಒಪ್ಪಬೇಕು, ಸಾಮಾನ್ಯವಾಗಿ ಬದಲಿ ಜಾಮೀನುದಾರರನ್ನು ಕೇಳುತ್ತದೆ. ಸಹಿ ಈಗಾಗಲೇ ಹಾಕಿದ್ದರೆ ಪ್ರತಿ ಕ್ರೆಡಿಟ್ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಪೂರ್ಣ ವರದಿಯನ್ನು ತರಿಸಿಕೊಂಡು, ಆ ಖಾತೆಯಲ್ಲಿ ಬಾಕಿ ದಿನಗಳೆಷ್ಟು ಎಂದು ನೋಡಿಕೊಳ್ಳಿ.