ಒಂದು ಕಿಲೋಮೀಟರಿಗೆ ಎಷ್ಟು ಖರ್ಚು?

ಮಕ್ಕಳೇ, ಮಂಗಸೂಳಿಯಿಂದ ಅಥಣಿಗೆ ಬಾಡಿಗೆ ಕಾರು ಓಡಿಸುವವರು ಇಂಧನದ ಖರ್ಚನ್ನಷ್ಟೇ ನೋಡಿ ದರ ಹೇಳಿದರೆ ನಷ್ಟವಾಗಬಹುದು. ಸರ್ವಿಸಿಂಗ್ ಖರ್ಚನ್ನೂ ಕೂಡಿಸಬೇಕು. ಹೇಗೆ?

ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಕಾರು ಲೀಟರಿಗೆ 20 ಕಿ.ಮೀ. ಓಡುತ್ತದೆ ಎಂದುಕೊಳ್ಳಿ. 100 ÷ 20 = 5 ರೂಪಾಯಿ. 10,000 ಕಿ.ಮೀ.ಗೊಮ್ಮೆ ಸರ್ವಿಸಿಂಗಿಗೆ 6,000 ರೂಪಾಯಿ ಆದರೆ, ಕಿ.ಮೀ.ಗೆ 60 ಪೈಸೆ. ಒಟ್ಟು 5.60 ರೂಪಾಯಿ.

ಉಳಿದ ಕಾರುಗಳಿಗೂ ಹೀಗೆಯೇ ಬೆಲೆಗಳನ್ನು ಊಹಿಸಿ ಲೆಕ್ಕ ಮಾಡೋಣ:

ಡೀಸೆಲ್ (ಲೀಟರಿಗೆ 90 ರೂ., 20 ಕಿ.ಮೀ.): 4.50 + 0.80 = 5.30
ಸಿಎನ್‌ಜಿ (ಕಿಲೋಗೆ 90 ರೂ., 25 ಕಿ.ಮೀ.): 3.60 + 0.70 = 4.30
ವಿದ್ಯುತ್ (ಯೂನಿಟ್ಟಿಗೆ 7 ರೂ., 7 ಕಿ.ಮೀ.): 1.00 + 0.30 = 1.30

ವಿದ್ಯುತ್ ಮೋಟಾರಿಗೆ ಎಂಜಿನ್ ಆಯಿಲ್ ಬೇಕಿಲ್ಲ. ಆದ್ದರಿಂದ ಅದರ ಸರ್ವಿಸಿಂಗ್ ಅಗ್ಗ. ಆದರೆ ಬ್ಯಾಟರಿ ಬದಲಿಸಬೇಕಾದರೆ ಆಗುವ ದೊಡ್ಡ ಖರ್ಚು ಇದರಲ್ಲಿ ಸೇರಿಲ್ಲ.

ಮಾಡಿ ನೋಡಿ: ನಿಮ್ಮೂರಿನ ಇಂದಿನ ಬೆಲೆಗಳನ್ನು ಕೇಳಿ ತಿಳಿದು, ಇದೇ ಲೆಕ್ಕವನ್ನು ಮತ್ತೆ ಮಾಡಿರಿ.